ಮಗುವಿನ ಮೊದಲ ಹೇರ್‌ಕಟ್: ಮನೆಯಲ್ಲೋ, ಸೆಲೂನಿನಲ್ಲೋ?

ನಮ್ಮಲ್ಲಿ ಹೆಚ್ಚಿನ ಮಕ್ಕಳ ಮಂಡೆಗೆ ಮೊದಲು ಬ್ಲೇಡ್ ತಾಗುವುದು ಹುಟ್ಟಿದ ಏಳನೇ ದಿನ. ಅಕೀಕಾದ ಜೊತೆ ಕೂದಲು ಪೂರ್ತಿ ತೆಗೆಸಿ, ಅದರ ತೂಕದ ಬೆಳ್ಳಿಯ ಬೆಲೆಯನ್ನು ಬಡವರಿಗೆ ಕೊಡುತ್ತಾರೆ. ಆ ದಿನ ಮಗುವಿಗೆ ಎಂತದೂ ಗೊತ್ತಿಲ್ಲ. ಹಾಲು ಕುಡಿದು ಮಲಗಿದಲ್ಲಿಯೇ ಕೆಲಸ ಮುಗಿಯುತ್ತದೆ.

ನಿಜವಾದ ಕಷ್ಟ ಇರುವುದು ಅದರ ನಂತರದ ಕಟಿಂಗ್‌ನಲ್ಲಿ. ಒಂದು, ಒಂದೂವರೆ ವರ್ಷಕ್ಕೆ ಮುಂಗೂದಲು ಕಣ್ಣಿಗೆ ಬೀಳಲು ಶುರುವಾಗುತ್ತದೆ. ಸೆಖೆಗೆ ಕುತ್ತಿಗೆ ಒದ್ದೆಯಾಗಿ ಬೆವರುಸಾಲೆ ಏಳುತ್ತದೆ. ಈ ಪ್ರಾಯದ ಮಗುವಿಗೆ ಕತ್ತರಿ ಕಾಣುತ್ತದೆ, ಅದರ ಶಬ್ದ ಕೇಳುತ್ತದೆ. ಆದರೆ ‘ಸುಮ್ಮನೆ ಕೂತುಕೋ ಮೋನೇ’ ಎಂದರೆ ಕೂರುವ ಪ್ರಾಯ ಅದಲ್ಲ. ಹಾಗಾಗಿ ಮೊದಲ ಹೇರ್‌ಕಟ್‌ಗೆ ಒಂದೇ ಲೆಕ್ಕ ಇಟ್ಟುಕೊಳ್ಳಿ: ಯಾವ ಕ್ಷಣದಲ್ಲಿ ನಿಲ್ಲಿಸಿದರೂ ಮಗುವಿನ ತಲೆ ಚಂದವೇ ಕಾಣಬೇಕು. ಎಷ್ಟು ಉದ್ದ ಬಿಡಬೇಕು, ಎಲ್ಲಿಂದ ಶುರು ಮಾಡಬೇಕು ಎಂಬುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ.

ಮನೆಯ ಹಿರಿಯರು ಹೇಳುವ ಮಾತು ಒಂದುಂಟು: ‘ಇನ್ನೊಮ್ಮೆ ಬೋಳಿಸಿ, ಕೂದಲು ದಪ್ಪ ಬರ್ತದೆ’. ಬೋಳಿಸುವುದರಿಂದ ಕೂದಲು ದಪ್ಪ ಆಗುವುದಿಲ್ಲ. ಕೂದಲು ಹುಟ್ಟುವ ಬೇರು ಚರ್ಮದ ಒಳಗಿದೆ, ಬ್ಲೇಡ್ ಅಲ್ಲಿಗೆ ಮುಟ್ಟುವುದೇ ಇಲ್ಲ. ತುಂಡಾದ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ಒರಟು ಅನಿಸುತ್ತದೆ, ಅಷ್ಟೇ. ಹುಟ್ಟುಗೂದಲು ತಾನಾಗಿ ಉದುರಿ ಗಟ್ಟಿ ಕೂದಲು ಬರುವುದು ಬೋಳಿಸಿದರೂ ಉಂಟು, ಬೋಳಿಸದಿದ್ದರೂ ಉಂಟು. ಅದಕ್ಕಾಗಿ ಒದ್ದಾಡುವ ಮಗುವಿನ ಮಂಡೆಗೆ ಬ್ಲೇಡ್ ಇಡುವ ಅಗತ್ಯ ಇಲ್ಲ.

ಉದ್ದದ ವಿಷಯಕ್ಕೆ ಬರೋಣ. ತೀರಾ ಗಿಡ್ಡ ಮಾಡಿದರೆ ಸಣ್ಣ ತಪ್ಪೂ ಎದ್ದು ಕಾಣುತ್ತದೆ, ಅರ್ಧಕ್ಕೆ ನಿಲ್ಲಿಸಲೂ ಆಗುವುದಿಲ್ಲ. ಎರಡು ಬೆರಳಿನಷ್ಟು ಉದ್ದ ಬಿಟ್ಟರೆ ಓರೆಕೋರೆ ಎಲ್ಲ ಮುಚ್ಚಿಹೋಗುತ್ತದೆ. ಇನ್ನೊಂದು ಗಮನಿಸಬೇಕಾದದ್ದು, ಒದ್ದೆ ಕೂದಲು ಉದ್ದ ಕಾಣುತ್ತದೆ, ಒಣಗಿದಾಗ ಮೇಲೆ ಹಾರುತ್ತದೆ. ಗುಂಗುರು ಕೂದಲಾದರೆ ಇನ್ನೂ ಹೆಚ್ಚು. ಒದ್ದೆ ಇರುವಾಗ ಹುಬ್ಬಿನ ಮಟ್ಟಕ್ಕೆ ಕತ್ತರಿಸಿದರೆ ಒಣಗಿದ ಮೇಲೆ ಹುಬ್ಬಿಗಿಂತ ಸುಮಾರು ಒಂದು ಬೆರಳು ಮೇಲೆ ನಿಲ್ಲುತ್ತದೆ. ಕೂದಲು ತಿಂಗಳಿಗೆ ಅಂದಾಜು 1 ಸೆಂಟಿಮೀಟರ್ ಬೆಳೆಯುವುದರಿಂದ ಒಂದೂವರೆ ಎರಡು ತಿಂಗಳು ಕಣ್ಣಿಗೆ ಬೀಳುವ ಕಿರಿಕಿರಿ ಇರುವುದಿಲ್ಲ. ಬದಿ ಪೂರ್ತಿ ಬೋಳಿಸಿ ನಡುವೆ ಮಾತ್ರ ಕೂದಲು ಬಿಡುವ ಸ್ಟೈಲ್ ಈಗ ಸಣ್ಣ ಮಕ್ಕಳಿಗೂ ಬಂದಿದೆ. ತಲೆಯ ಒಂದು ಭಾಗ ಬೋಳಿಸಿ ಇನ್ನೊಂದು ಭಾಗ ಬಿಡುವುದನ್ನು ಪ್ರವಾದಿ(ಸ)ರು ತಡೆದಿದ್ದಾರೆ ಎಂಬ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಉಂಟು. ಹಾಗಾಗಿ ಸೆಲೂನಿನಲ್ಲಿ ಕೂರುವ ಮೊದಲೇ ಬಾಯಿ ಬಿಟ್ಟು ಹೇಳಿಬಿಡಿ.

ಮನೆಯಲ್ಲಿ ಮಾಡುವುದಾದರೆ ಇಬ್ಬರು ಬೇಕು. ಉಮ್ಮನೋ ಅಜ್ಜಿಯೋ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಲಿ, ಇನ್ನೊಬ್ಬರು ಕತ್ತರಿಸಲಿ. ನಿದ್ದೆ ಮಾಡಿ ಎದ್ದು, ಹೊಟ್ಟೆ ತುಂಬಿದ ಹೊತ್ತು ಒಳ್ಳೆಯದು. ಬೆಳಕಿರುವ ಚಿಟ್ಟೆಯಲ್ಲಿ ಕೂತರೆ ಸಾಕು. ತುದಿ ಉರುಟಾದ ಸಣ್ಣ, ಹರಿತ ಕತ್ತರಿ ತನ್ನಿ. ಅಡುಗೆಮನೆಯ ಮೊಂಡು ಕತ್ತರಿ ಕೂದಲನ್ನು ತುಂಡು ಮಾಡುವ ಬದಲು ಎಳೆಯುತ್ತದೆ. ಒಮ್ಮೆ ನೋವಾದರೆ ಮಗು ಮತ್ತೆ ತಲೆ ಮುಟ್ಟಲು ಬಿಡುವುದಿಲ್ಲ. ಎರಡು ಮೂರು ದಿನ ಮೊದಲೇ ಕಿವಿಯ ಹತ್ತಿರ ಕತ್ತರಿಯ ‘ಚಕ್ ಚಕ್’ ಶಬ್ದ ಕೇಳಿಸಿ, ಉಪ್ಪನ ಕೂದಲಿನ ತುದಿ ಕತ್ತರಿಸುವುದನ್ನು ತೋರಿಸಿ. ಕುತ್ತಿಗೆಗೆ ಬಟ್ಟೆ ಕಟ್ಟಿದರೆ ಕೆಲವು ಮಕ್ಕಳು ಬೊಬ್ಬೆ ಹಾಕುತ್ತಾರೆ, ಅಂಥವರಿಗೆ ಅಂಗಿ ತೆಗೆದರೆ ಸಾಕು. ಕೈಗೆ ಬಿಸ್ಕತ್ತು ಕೊಡಬೇಡಿ: ಕೂದಲು ಅದರ ಮೇಲೆ ಬೀಳುತ್ತದೆ, ಬಾಯಲ್ಲಿ ತಿಂಡಿ ಇದ್ದು ಅತ್ತರೆ ಗಂಟಲಿಗೆ ಸಿಕ್ಕುವ ಅಪಾಯವೂ ಉಂಟು. ಮುಚ್ಚಳ ಇರುವ ಸ್ಟೀಲ್ ಡಬ್ಬಿ ಕೊಡಿ, ತೆಗೆಯುತ್ತಾ ಹಾಕುತ್ತಾ ಇರಲಿ.

ಕತ್ತರಿಸುವಾಗ ಕೂದಲನ್ನು ಎಡಗೈಯ ಎರಡು ಬೆರಳುಗಳ ನಡುವೆ ಹಿಡಿಯಿರಿ, ಬೆರಳುಗಳ ಹೊರಗೆ ಉಳಿದದ್ದನ್ನು ಮಾತ್ರ ಕತ್ತರಿಸಿ. ಆಗ ಕತ್ತರಿಗೂ ಚರ್ಮಕ್ಕೂ ನಡುವೆ ಯಾವಾಗಲೂ ನಿಮ್ಮ ಬೆರಳು ಇರುತ್ತದೆ. ಕತ್ತರಿ ಹಿಡಿದ ಕೈಯ ಕಿರುಬೆರಳನ್ನು ಮಗುವಿನ ತಲೆಗೆ ಒರಗಿಸಿ. ತಲೆ ಅಲುಗಿದರೆ ಕೈಯೂ ಜೊತೆಗೆ ಅಲುಗುತ್ತದೆ. ಮೊದಲು ಮುಂಗೂದಲು, ಆಮೇಲೆ ಕಿವಿಯ ಮೇಲೆ, ಕೊನೆಗೆ ಕುತ್ತಿಗೆ. ಅಗತ್ಯ ಹೆಚ್ಚಿರುವುದು ಮುಂದೆ, ಅಷ್ಟು ಆದರೆ ಅಂದಿಗೆ ನಿಲ್ಲಿಸಬಹುದು. ಅಡ್ಡಕ್ಕೆ ಒಂದೇ ಗೆರೆ ಎಳೆದ ಹಾಗೆ ಕತ್ತರಿಸಬೇಡಿ. ಕತ್ತರಿಯ ತುದಿ ಮೇಲ್ಮುಖವಾಗಿಟ್ಟು ಸಣ್ಣ ಸಣ್ಣದಾಗಿ ಕತ್ತರಿಸಿದರೆ ಓರೆಯಾದದ್ದು ಕಾಣುವುದಿಲ್ಲ. ಕಿವಿಯ ಹತ್ತಿರ ಬಂದಾಗ ಕಿವಿಯನ್ನು ಬೆರಳಿನಿಂದ ಮಡಚಿ ಮುಚ್ಚಿಕೊಳ್ಳಿ.

ನಮ್ಮ ಪಕ್ಕದ ಮನೆಯ ಒಂದೂವರೆ ವರ್ಷದ ಹುಡುಗನ ಹೇರ್‌ಕಟ್ ಮೂರು ದಿನ ಹಿಡಿಯಿತು. ಮೊದಲ ದಿನ ಮುಂಗೂದಲಿಗೆ ಏಳೆಂಟು ಸಲ ಕತ್ತರಿ, ಎರಡು ನಿಮಿಷ. ಬಲಬದಿಗೆ ಕೈ ಹೋದಾಗ ಅವನು ಭುಜ ಬಿಗಿ ಮಾಡಿ ಮುಖ ತಿರುಗಿಸಿದ. ಅವನ ಉಮ್ಮ ಅಲ್ಲಿಗೇ ಕತ್ತರಿ ಕೆಳಗಿಟ್ಟರು. ಮಾರನೇ ದಿನ ಎರಡೂ ಕಿವಿಗಳ ಮೇಲೆ, ಮೂರನೇ ದಿನ ಅವನು ಅಜ್ಜಿಯ ಹೆಗಲಿಗೆ ಒರಗಿದ್ದಾಗ ಕುತ್ತಿಗೆ. ಭುಜ ಬಿಗಿಯುವುದು, ಮುಖ ತಿರುಗಿಸುವುದು ಅಳುವಿನ ಮೊದಲ ಸೂಚನೆ. ಆಗ ನಿಲ್ಲಿಸಿದರೆ ನಾಳೆ ಬಿಡುತ್ತದೆ. ಇಬ್ಬರು ಹಿಡಿದು ಮುಗಿಸಿಬಿಟ್ಟರೆ ಮುಂದಿನ ಸಲ ಕತ್ತರಿ ಕಂಡ ಕೂಡಲೇ ಓಡುತ್ತದೆ.

ಟ್ರಿಮ್ಮರ್‌ನಲ್ಲಿ ಕೊಯ್ಯುವ ಭಯ ಕಡಿಮೆ, ಆದರೆ ಅದರ ಸದ್ದು ಮತ್ತು ನಡುಕ ಮಗುವಿಗೆ ಹೊಸತು. ಮೊದಲು ದೂರದಲ್ಲಿ ಆನ್ ಮಾಡಿ, ಆಮೇಲೆ ಮಗುವಿನ ಅಂಗೈಗೆ ಅದರ ಹಿಂಭಾಗ ತಾಗಿಸಿ. ಬಾಚಣಿಗೆ ಹಾಕದೆ ಉಪಯೋಗಿಸಬೇಡಿ. ಕೆಲವು ನಿಮಿಷ ಓಡಿದ ಮೇಲೆ ಬ್ಲೇಡ್ ಬಿಸಿಯಾಗುತ್ತದೆ, ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ.

ಮನೆಯಲ್ಲಿ ಕೈ ನಡುಗುವವರು, ದಟ್ಟ ಗುಂಗುರು ಕೂದಲು ಗಂಟು ಕಟ್ಟಿದ ಮಕ್ಕಳ ಹೆತ್ತವರು ಸೆಲೂನಿಗೆ ಹೋಗುವುದೇ ಸರಿ. ಜುಮಾಕ್ಕೆ ಮೊದಲಿನ ಗಡಿಬಿಡಿ ಮತ್ತು ಆದಿತ್ಯವಾರ ಬಿಟ್ಟು, ವಾರದ ನಡುವೆ ಬೆಳಿಗ್ಗೆ ಹೋಗಿ. ಮಗು ನಿಮ್ಮ ಮಡಿಲಲ್ಲೇ ಕೂರಲಿ. ಟವೆಲ್, ಬಾಚಣಿಗೆ ಮನೆಯದ್ದೇ ಇರಲಿ, ತಲೆಯ ಗಜಕರ್ಣ ಇನ್ನೊಬ್ಬರ ಬಾಚಣಿಗೆಯಿಂದ ಅಂಟಬಹುದು. ಕುತ್ತಿಗೆಗೆ ಬ್ಲೇಡ್ ಬೇಡ ಎಂದು ಹೇಳಿ. ಬೇಕೇ ಬೇಕಾದರೆ ಹೊಸ ಬ್ಲೇಡ್ ಹಾಕುವುದನ್ನು ಕಣ್ಣಾರೆ ನೋಡಿ, ಹೆಪಟೈಟಿಸ್ ಬಿ ಹರಡುವ ದಾರಿಗಳಲ್ಲಿ ಹಳೆಯ ಬ್ಲೇಡ್ ಕೂಡ ಒಂದು. ತಲೆಯಲ್ಲಿ ಉರುಟಾಗಿ ಕೂದಲು ತುಂಡಾಗಿ ಹೊಟ್ಟು ಎದ್ದಿದ್ದರೆ ಕಟಿಂಗ್‌ಗಿಂತ ಮೊದಲು ಡಾಕ್ಟರಿಗೆ ತೋರಿಸಿ, ಎಣ್ಣೆ ಹಚ್ಚಿ ಕಾಯಬೇಡಿ.

ಎಲ್ಲಿ ಮಾಡಿಸಿದರೂ ಮುಗಿದ ಕೂಡಲೇ ಸ್ನಾನ ಮಾಡಿಸಿ. ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಉಳಿದ ತುಂಡುಗಳು ರಾತ್ರಿಯಿಡೀ ತುರಿಸುತ್ತವೆ. ಪೌಡರ್ ಹಾಕಿ ಉದುರಿಸಲು ಹೋಗಬೇಡಿ, ಅದು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಅಕಸ್ಮಾತ್ ಚರ್ಮ ಕೊಯ್ದರೆ ಶುದ್ಧ ಬಟ್ಟೆಯಿಂದ 10 ನಿಮಿಷ ಕೈ ಬಿಡದೆ ಒತ್ತಿ ಹಿಡಿಯಿರಿ. ಕಿವಿಯ ಸಣ್ಣ ಗಾಯದಿಂದಲೂ ರಕ್ತ ಜಾಸ್ತಿ ಬರುತ್ತದೆ, ಹೆದರಬೇಡಿ. ಅಷ್ಟಾದರೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ.