ಮೂರು ಕೆ.ಜಿ. ಬ್ಯಾಗಿಗೆ ಎಷ್ಟು ದಪ್ಪದ ಕೊಕ್ಕೆ?

ತ್ರೀಡಿ ಪ್ರಿಂಟರ್ ಕೊಂಡವರು ಮೊದಮೊದಲು ಮಾಡುವ ಕೆಲಸಕ್ಕೆ ಬರುವ ವಸ್ತುಗಳಲ್ಲಿ ಗೋಡೆಯ ಕೊಕ್ಕೆಯೂ ಒಂದು. ಎಷ್ಟು ಭಾರ ತಡೆಯುತ್ತದೆ ಎಂದು ಕೇಳಿದರೆ ಕೈಯಲ್ಲಿ ಬಲವಾಗಿ ಜಗ್ಗಿ ತೋರಿಸಿ, "ಏನೂ ಆಗಲ್ಲ ಬಿಡಿ" ಅನ್ನುತ್ತಾರೆ. ಹಾಗೆ ಜಗ್ಗಿದಾಗ ಗೊತ್ತಾಗುವುದು ನಾಲ್ಕೈದು ಸೆಕೆಂಡಿನ ತಾಕತ್ತು ಮಾತ್ರ. ಮಗುವಿನ ಸ್ಕೂಲ್ ಬ್ಯಾಗು ಅದರ ಮೇಲೆ ದಿನವಿಡೀ, ತಿಂಗಳುಗಟ್ಟಲೆ ತೂಗುತ್ತಿರುತ್ತದೆ. ಪಿಎಲ್‌ಎ ಪ್ಲಾಸ್ಟಿಕ್ಕಿನ ಮಟ್ಟಿಗೆ ಇವೆರಡೂ ಬೇರೆಯೇ ಪರೀಕ್ಷೆಗಳು.

ಒಂದು ಕೊಕ್ಕೆಯನ್ನೇ ಹಿಡಿದು ಲೆಕ್ಕ ಹಾಕೋಣ. ಗೋಡೆಗೆ ಎರಡು ಸ್ಕ್ರೂ ಹಾಕಿ ಕೂರಿಸಿದ ಒಂದು ಪಟ್ಟಿ, ಅದರಿಂದ ನೇರವಾಗಿ ಮುಂದಕ್ಕೆ ಚಾಚಿದ ಒಂದು ತೋಳು, ತೋಳಿನ ತುದಿಯಲ್ಲಿ ಬ್ಯಾಗು ಜಾರದಂತೆ ಸಣ್ಣ ಮೂತಿ. ತೋಳಿನ ಅಗಲ 15 ಮಿ.ಮೀ., ದಪ್ಪ, ಅಂದರೆ ಮೇಲಿಂದ ಕೆಳಕ್ಕೆ, 6 ಮಿ.ಮೀ. ಬ್ಯಾಗಿನ ಪಟ್ಟಿ ಕೂರುವ ಜಾಗ ತೋಳಿನ ಬುಡದಿಂದ 30 ಮಿ.ಮೀ. ದೂರ. ಬ್ಯಾಗಿನ ತೂಕ 3 ಕೆ.ಜಿ.

ಭಾರ ಬಿದ್ದಾಗ ತೋಳು ಕೆಳಕ್ಕೆ ಬಾಗಲು ನೋಡುತ್ತದೆ. ಬುಡದಲ್ಲಿ ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಕುಗ್ಗುತ್ತದೆ. ಮುರಿತ ಶುರುವಾಗುವುದು ಸಾಮಾನ್ಯವಾಗಿ ಹಿಗ್ಗುವ ಕಡೆಯಿಂದ, ಅಂದರೆ ತೋಳಿನ ಮೇಲ್ಮೈ ಪಟ್ಟಿಗೆ ಸೇರುವ ಮೂಲೆಯಿಂದ. ಅಲ್ಲಿ ಪ್ರತಿ ಚದರ ಮಿ.ಮೀ. ಮೇಲೆ ಎಷ್ಟು ಎಳೆತ ಬೀಳುತ್ತದೆ ಎಂದು ತಿಳಿಯಲು ಭಾರವನ್ನೂ ದೂರವನ್ನೂ ಗುಣಿಸಿ, ಅದನ್ನು ಆರರಿಂದ ಗುಣಿಸಿ, ಬಂದದ್ದನ್ನು ಅಗಲದಿಂದ ಒಮ್ಮೆ, ದಪ್ಪದಿಂದ ಎರಡು ಬಾರಿ ಭಾಗಿಸಬೇಕು. ನಮ್ಮ ಕೊಕ್ಕೆಗೆ ಅದು ಹೀಗಾಗುತ್ತದೆ:

```
6 × 3 × 30 ÷ (15 × 6 × 6) = 1
```

ಅಂದರೆ ಚದರ ಮಿ.ಮೀ.ಗೆ ಒಂದು ಕೆ.ಜಿ. ಎಳೆತ. ಆದರೆ ಮೂಲೆಯಲ್ಲಿ ಎಳೆತ ಇನ್ನಷ್ಟು ಒಟ್ಟುಗೂಡುತ್ತದೆ. ದಪ್ಪದ ಮೂರನೇ ಒಂದು ಭಾಗದಷ್ಟು ತ್ರಿಜ್ಯದಲ್ಲಿ ಮೂಲೆಯನ್ನು ದುಂಡಗೆ ಮಾಡಿದ್ದರೆ ಸುಮಾರು 1.3 ಪಟ್ಟು ಎಂದು ಹಿಡಿಯಬಹುದು. ಚೂಪಾಗಿ ಬಿಟ್ಟಿದ್ದರೆ ಎರಡು ಪಟ್ಟು ದಾಟಿದರೂ ಆಶ್ಚರ್ಯವಿಲ್ಲ. ದುಂಡಗೆ ಮಾಡಿದ್ದೇವೆ ಎಂದೇ ಇಟ್ಟುಕೊಂಡರೆ ಎಳೆತ 1.3 ಕೆ.ಜಿ.

ಚೆನ್ನಾಗಿ ಪ್ರಿಂಟ್ ಆದ ಪಿಎಲ್‌ಎ ಎಳೆಯ ಉದ್ದಕ್ಕೆ ಎಳೆದರೆ ಚದರ ಮಿ.ಮೀ.ಗೆ ಸುಮಾರು 4.5ರಿಂದ 5 ಕೆ.ಜಿ.ವರೆಗೆ ತಡೆಯುತ್ತದೆ. ಹಾಗಾದರೆ ಮೂರು ಪಟ್ಟಿಗಿಂತ ಹೆಚ್ಚು ಕೈಯಲ್ಲಿದೆಯಲ್ಲ ಅನ್ನಿಸಬಹುದು. ಜಗ್ಗಿ ನೋಡಿದವರು ಮೋಸಹೋಗುವುದು ಇಲ್ಲಿಯೇ.

ಪಿಎಲ್‌ಎ ಒಳಗಿನ ಉದ್ದನೆಯ ಅಣುಸರಪಳಿಗಳು ಬಿಸಿಯಿಂದ ಸರಕ್ಕನೆ ತಣಿದು, ಹೇಗಿದ್ದವೋ ಹಾಗೆಯೇ ಸಿಕ್ಕಿಕೊಂಡು ನಿಂತಿರುತ್ತವೆ. ಒಂದೇ ಕಡೆಗೆ ಬಿಡದೆ ಎಳೆಯುತ್ತಿದ್ದರೆ ಅವು ಒಂದರ ಮೇಲೊಂದು ಮೆಲ್ಲಗೆ ಜಾರುತ್ತವೆ. ಭಾರ ಹೆಚ್ಚದಿದ್ದರೂ ಬಾಗು ಹೆಚ್ಚುತ್ತಾ ಹೋಗುತ್ತದೆ. ಇದಕ್ಕೆ ಕ್ರೀಪ್ ಅನ್ನುತ್ತಾರೆ. ಎಳೆತ ಕಡಿಮೆಯಿದ್ದರೆ ಈ ಜಾರುವಿಕೆ ದಿನ ಕಳೆದಂತೆ ನಿಧಾನವಾಗುತ್ತದೆ. ಹೆಚ್ಚಿದ್ದರೆ ಒಂದು ಹಂತದ ನಂತರ ಮತ್ತೆ ವೇಗ ಹಿಡಿದು, ಯಾರೂ ಮುಟ್ಟದ ಹೊತ್ತಿನಲ್ಲಿ ಕೊಕ್ಕೆ ಮುರಿಯುತ್ತದೆ. ಹಾಗಾಗಿ ಸದಾ ತೂಗುವ ಭಾರಕ್ಕೆ ತಕ್ಷಣದ ತಾಕತ್ತಿನ ನೂರಕ್ಕೆ 15ರಷ್ಟನ್ನು ಮಾತ್ರ ನಂಬುವುದು ಒಳ್ಳೆಯದು. ಇದು ಪ್ರಕೃತಿ ನಿಯಮವೇನಲ್ಲ, ಜೋಪಾನದ ಅಂದಾಜು. ಆ ಲೆಕ್ಕದಲ್ಲಿ ನಮಗೆ ಸಿಗುವುದು ಚದರ ಮಿ.ಮೀ.ಗೆ ಸುಮಾರು 0.7 ಕೆ.ಜಿ. ನಮ್ಮ ಎಳೆತ 1.3. ಈ ಕೊಕ್ಕೆಗೆ ಒಂದೂವರೆ ಕೆ.ಜಿ.ಯೇ ಸಾಕು.

ಸರಿಪಡಿಸುವ ಸುಲಭ ದಾರಿ ದಪ್ಪ. ಲೆಕ್ಕದಲ್ಲಿ ದಪ್ಪ ಎರಡು ಬಾರಿ ಬಂದಿರುವುದರಿಂದ ಅದನ್ನು ಸ್ವಲ್ಪ ಹೆಚ್ಚಿಸಿದರೂ ಲಾಭ ದೊಡ್ಡದು. 6ರ ಬದಲು 10 ಮಿ.ಮೀ. ಮಾಡಿದರೆ ಮೂಲೆಯ ಎಳೆತ 1.3ರಿಂದ 0.47ಕ್ಕೆ ಇಳಿಯುತ್ತದೆ. ಬ್ಯಾಗು ನಿಶ್ಚಿಂತೆಯಿಂದ ತೂಗಬಹುದು. ಅಗಲ ಹೆಚ್ಚಿಸಿ ಇಷ್ಟೇ ಲಾಭ ಪಡೆಯಬೇಕಾದರೆ ತೋಳು 40 ಮಿ.ಮೀ.ಗೂ ಹೆಚ್ಚು ಅಗಲವಾಗಬೇಕು. ತೋಳು ಪೂರ್ತಿ ಗಟ್ಟಿಯಾಗಿರಬೇಕೆಂದೂ ಇಲ್ಲ. ಬಾಗುವಾಗ ದುಡಿಯುವುದು ಮುಖ್ಯವಾಗಿ ಹೊರಮೈ. ಸ್ಲೈಸರ್‌ನಲ್ಲಿ ಐದು ವಾಲ್ ಕೊಟ್ಟು, ಒಂದೊಂದು ಎಳೆ 0.45 ಮಿ.ಮೀ. ಇದ್ದರೆ, ಒಳಗೆ ಏನೂ ಇಲ್ಲದಿದ್ದರೂ ಹತ್ತು ಮಿ.ಮೀ. ತೋಳಿನ ಬಲದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಉಳಿಯುತ್ತದೆ. ಎರಡು ವಾಲ್ ಇಟ್ಟು ಇನ್‌ಫಿಲ್ ಏರಿಸುತ್ತಾ ಹೋಗುವುದು ನನಗಂತೂ ಪ್ಲಾಸ್ಟಿಕ್ ದಂಡ ಅನ್ನಿಸುತ್ತದೆ.

ಆದರೆ ಮೇಲಿನ ಎಲ್ಲ ಲೆಕ್ಕ ನಿಂತಿರುವುದು ಕೊಕ್ಕೆಯನ್ನು ಪ್ರಿಂಟರ್ ಬೆಡ್ ಮೇಲೆ ಪಕ್ಕಕ್ಕೆ ಮಲಗಿಸಿದ್ದೇವೆ ಎಂಬ ನಂಬಿಕೆಯ ಮೇಲೆ. ಹಾಗೆ ಮಲಗಿಸಿದಾಗ ಪ್ರತಿ ಪದರದಲ್ಲೂ ಎಳೆಗಳು ಪಟ್ಟಿಯಿಂದ ಹೊರಟು, ಮೂಲೆಯಲ್ಲಿ ತಿರುಗಿ, ತೋಳಿನ ಉದ್ದಕ್ಕೂ ಹರಿಯುತ್ತವೆ. ಎಳೆತವೂ ಅದೇ ದಿಕ್ಕಿಗೆ. ಅನೇಕರು ಮಾಡುವುದು ಬೇರೆ: ಪಟ್ಟಿಯ ಬೆನ್ನು ಸಪಾಟಾಗಿದೆ, ಬೆಡ್ಡಿಗೆ ಚೆನ್ನಾಗಿ ಕೂರುತ್ತದೆ ಎಂದು ಬೆನ್ನಿನ ಮೇಲೆ ಮಲಗಿಸುತ್ತಾರೆ. ಆಗ ತೋಳು ಗೋಪುರದಂತೆ ಪದರದ ಮೇಲೆ ಪದರವಾಗಿ ಏಳುತ್ತದೆ, ಬ್ಯಾಗಿನ ಭಾರ ಒಂದು ಪದರವನ್ನು ಇನ್ನೊಂದರಿಂದ ಕೀಳಲು ನೋಡುತ್ತದೆ. ಸೌದೆಯನ್ನು ನಾರಿನ ಗುಂಟ ಸೀಳಿದಷ್ಟು ಸಲೀಸು ಅದು. ಪದರಗಳ ನಡುವಿನ ಹಿಡಿತ ಎಳೆಯ ಬಲದ ಅರ್ಧದಷ್ಟೇ ಎಂದು ಹಿಡಿದರೆ ನಮ್ಮ ಮಿತಿ 0.7ರಿಂದ 0.35ಕ್ಕೆ ಬೀಳುತ್ತದೆ. ಹತ್ತು ಮಿ.ಮೀ. ದಪ್ಪದ ಅದೇ ಕೊಕ್ಕೆ, ಅದೇ ಪ್ಲಾಸ್ಟಿಕ್, ಪಕ್ಕಕ್ಕೆ ಮಲಗಿಸಿದರೆ ನಾಲ್ಕೂವರೆ ಕೆ.ಜಿ. ತಾಳುತ್ತದೆ, ಬೆನ್ನಿನ ಮೇಲೆ ಮಲಗಿಸಿದರೆ ಎರಡು ಕೆ.ಜಿ.ಗೆ ಸ್ವಲ್ಪ ಹೆಚ್ಚು. ಪ್ರಿಂಟಿಂಗ್ ತಣ್ಣಗಾಗಿ ಪದರಗಳು ಸರಿಯಾಗಿ ಬೆಸೆಯದಿದ್ದರೆ ಅದೂ ಇಲ್ಲ.

ಲೆಕ್ಕ ನಿಜವೇ ಎಂದು ನೋಡಲು ದೊಡ್ಡ ಯಂತ್ರ ಬೇಡ. ಕೊಕ್ಕೆಯನ್ನು ಗೋಡೆಗೆ ಹಾಕಿ, ತೋಳಿನ ತುದಿಗೆ ಮುಂದಕ್ಕೆ ಚಾಚುವಂತೆ ಒಂದು ಗಟ್ಟಿ ಪೊರಕೆ ಕಡ್ಡಿಯನ್ನು ಟೇಪಿನಿಂದ ಅಂಟಿಸಿ, ಕಡ್ಡಿಯ ತುದಿಯ ಪಕ್ಕಕ್ಕೆ ಒಂದು ಸ್ಕೇಲನ್ನು ಅಲುಗಾಡದಂತೆ ನಿಲ್ಲಿಸಿ. ತೋಳು ಬಾಗುವುದು ಕಣ್ಣಿಗೆ ಕಾಣದಷ್ಟು ಕಡಿಮೆ, ಒಂದು ಗೇಣಿಗಿಂತ ಉದ್ದದ ಕಡ್ಡಿ ಅದನ್ನು ಮಿಲಿಮೀಟರ್ ಲೆಕ್ಕಕ್ಕೆ ತರುತ್ತದೆ. ಬ್ಯಾಗಿನ ಎರಡರಷ್ಟು ಭಾರ, ಅಂದರೆ ಒಂದು ಲೀಟರಿನ ಆರು ನೀರಿನ ಬಾಟಲಿ, ತೂಗುಹಾಕಿ. ಒಂದು ಗಂಟೆ, ಹತ್ತು ಗಂಟೆ, ನೂರು ಗಂಟೆ ಆದಾಗ ಕಡ್ಡಿ ಎಲ್ಲಿದೆ ಎಂದು ಬರೆದಿಡಿ. ನೂರು ಗಂಟೆಯೆಂದರೆ ನಾಲ್ಕು ದಿನ ಚಿಲ್ಲರೆ. ಒಂದರಿಂದ ಹತ್ತಕ್ಕೆ ಇಳಿದಷ್ಟೇ ಹತ್ತರಿಂದ ನೂರಕ್ಕೂ ಇಳಿದಿದ್ದರೆ ಕ್ರೀಪ್ ಹದ್ದಿನಲ್ಲಿದೆ, ಮುಂದಿನ ಅಷ್ಟೇ ಇಳಿತಕ್ಕೆ ಸಾವಿರ ಗಂಟೆ, ಸುಮಾರು ಆರು ವಾರ, ಬೇಕು. ಎರಡನೆಯ ಇಳಿತ ಮೊದಲನೆಯದಕ್ಕಿಂತ ಬಹಳ ಹೆಚ್ಚಿದ್ದರೆ ಆ ಕೊಕ್ಕೆ ತೆಗೆದುಬಿಡಿ. ಮೂಲೆಯಲ್ಲಿ ಬೆಳ್ಳನೆಯ ಗೆರೆ ಕಂಡರೂ ಅಷ್ಟೇ. ಕಪ್ಪು ಅಥವಾ ಗಾಢ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ಈ ಅಂಕಿಗಳೆಲ್ಲ ನೆರಳಿನ ಗೋಡೆಗೆ, 25ರಿಂದ 30 ಡಿಗ್ರಿ ಸೆಖೆಗೆ. ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಅದಕ್ಕೆ ತುಂಬ ಮೊದಲೇ ಕ್ರೀಪ್ ಚುರುಕಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಗಾಳಿಯೇ 40 ದಾಟುವಾಗ ಬಿಸಿಲು ಬೀಳುವ ಪಡುವಣ ಗೋಡೆಯ ಬಿಸಿ ಇನ್ನೂ ಹೆಚ್ಚು. ಅಲ್ಲಿಗೆ, ಒಲೆಯ ಪಕ್ಕಕ್ಕೆ, ಕಾರಿನೊಳಕ್ಕೆ ದಪ್ಪ ಹೆಚ್ಚಿಸಿ ಪ್ರಯೋಜನವಿಲ್ಲ. ಪಿಇಟಿಜಿ ಮೆತ್ತಗಾಗುವುದು 80 ಡಿಗ್ರಿ ಆಸುಪಾಸಿನಲ್ಲಿ, ಹಾಗಾಗಿ ಬಿಸಿಗೆ ಅದು ವಾಸಿ. ಅದಕ್ಕೂ ಕ್ರೀಪ್ ಇದ್ದೇ ಇದೆ, ಕಡ್ಡಿಯ ಪರೀಕ್ಷೆ ಅಲ್ಲೂ ತಪ್ಪಿದ್ದಲ್ಲ. ಸ್ಕ್ರೂವನ್ನು ಮೈಮುರಿದು ಬಿಗಿಯುವುದೂ ಬೇಡ: ತಲೆಯ ಕೆಳಗಿನ ಪ್ಲಾಸ್ಟಿಕ್ ಕೂಡ ಇದೇ ರೀತಿ ಜಾರಿ ಬಿಗಿ ಸಡಿಲಾಗುತ್ತದೆ, ಇಳಿಜಾರು ತಲೆಯ ಸ್ಕ್ರೂ ಆದರೆ ಪಟ್ಟಿಯ ಪದರಗಳನ್ನೇ ಬಿಡಿಸಬಹುದು. ಸಪಾಟು ತಲೆಯ ಸ್ಕ್ರೂ, ಕೆಳಗೊಂದು ಅಗಲದ ವಾಷರ್ ಹಾಕಿ, ಕೈಗೆ ಬಿಗಿ ಸಿಕ್ಕಿದ ಕೂಡಲೇ ನಿಲ್ಲಿಸಿ.