ಕೊಳವೆಬಾವಿ ಪಂಪಿಗೆ ಎಷ್ಟು ಸ್ಟೇಜ್, ಎಷ್ಟು ಆಳ?

ಸಬ್‌ಮರ್ಸಿಬಲ್ ಪಂಪಿನ ಆಯ್ಕೆಗೆ ಕೊಳವೆಬಾವಿಯ ಒಟ್ಟು ಆಳಕ್ಕಿಂತ, ಪಂಪ್ ಓಡುವಾಗ ನೀರು ಎಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯ. 600 ಅಡಿಯ ಒಂದು ಬಾವಿಯಲ್ಲಿ ನೀರು 200 ಅಡಿಯಲ್ಲಿದೆ ಎಂದುಕೊಳ್ಳಿ. ಸೆಕೆಂಡಿಗೆ 1 ಲೀಟರ್‌ನಂತೆ ಎತ್ತಿದಾಗ ಮಟ್ಟ ಇನ್ನೂ 100 ಅಡಿ ಕುಸಿದು 300 ಅಡಿಯಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಮತ್ತೆ 60 ಅಡಿ ಇಳಿಯುವುದಾದರೆ ಲೆಕ್ಕಕ್ಕೆ ಹಿಡಿಯಬೇಕಾದ ಮಟ್ಟ 360 ಅಡಿ.

ಇದಕ್ಕೆ ನೆಲದಿಂದ ಟ್ಯಾಂಕಿನ ಎತ್ತರ 30 ಅಡಿ, ಪೈಪಿನೊಳಗಿನ ಘರ್ಷಣೆಗೆ 20 ಅಡಿ ಸೇರಿಸಿದರೆ ಒಟ್ಟು ಹೆಡ್ 410 ಅಡಿ. ಪಂಪನ್ನು ಇನ್ನೂ ಕೆಳಗಿಳಿಸಿದರೂ ಘರ್ಷಣೆ ತುಸು ಹೆಚ್ಚುವುದಷ್ಟೇ. ಎತ್ತುವ ಎತ್ತರವನ್ನು ನೀರಿನ ಮಟ್ಟದಿಂದಲೇ ಅಳೆಯಬೇಕು. ಆಯ್ದ ಪಂಪಿನ ಪ್ರತಿ ಸ್ಟೇಜ್ ಅದೇ ಹರಿವಿನಲ್ಲಿ 25 ಅಡಿ ಎತ್ತುತ್ತದೆ ಎಂದು ಕಂಪನಿಯ ಪಟ್ಟಿ ಹೇಳಿದರೆ, 410ನ್ನು 25ರಿಂದ ಭಾಗಿಸಿ 17 ಸ್ಟೇಜ್ ಎಂದು ತೀರ್ಮಾನಿಸಬಹುದು.

ಪಂಪನ್ನು ಬೇಸಿಗೆಯ ಮಟ್ಟಕ್ಕಿಂತ ಸುಮಾರು 40 ಅಡಿ ಕೆಳಗೆ, ಅಂದರೆ 400 ಅಡಿಗೆ ಇಳಿಸಬೇಕು. ತಳಕ್ಕೆ ತೀರಾ ಹತ್ತಿರವಾದರೆ ಕೆಸರು, ಮರಳು ಒಳಸೇರುತ್ತವೆ.

ಸ್ಟೇಜ್ ಕಡಿಮೆಯಾದರೆ ಬೇಸಿಗೆಯಲ್ಲಿ ನೀರು ಸಣ್ಣಗಾಗುತ್ತದೆ. ಹೆಚ್ಚಾದರೆ ಹರಿವು ಬಾವಿಯ ಶಕ್ತಿಯನ್ನು ಮೀರಿ, ಮಟ್ಟ ಪಂಪಿನವರೆಗೂ ಇಳಿಯುತ್ತದೆ. ಆಗ ನೀರಿನ ಜೊತೆ ಗಾಳಿ ಬರುತ್ತದೆ, ಆಂಪಿಯರ್ ಮೀಟರಿನ ಮುಳ್ಳು ಏರಿಳಿಯುತ್ತದೆ. ಮಳೆಗಾಲದಲ್ಲಿ ಮಟ್ಟ ಮೇಲಿದ್ದಾಗಲೂ ಹರಿವು ಹೆಚ್ಚುವುದರಿಂದ ಗೇಟ್ ವಾಲ್ವ್ ತುಸು ಮುಚ್ಚಿ ಅದನ್ನು 1 ಲೀಟರಿಗೆ ತರಬೇಕು.