ಚಾರ್ಜರ್ ಮತ್ತು ಫೋನಿನ ಒಪ್ಪಂದ

ಯುಎಸ್‌ಬಿ-ಸಿ ವೇಗದ ಚಾರ್ಜರ್ ಫೋನಿಗೆ ಕರೆಂಟನ್ನು ಬಲವಂತವಾಗಿ ತುಂಬುವುದಿಲ್ಲ. ಎಷ್ಟು ಬೇಕೆಂದು ನಿರ್ಧರಿಸುವುದು ಫೋನೇ. ಚಾರ್ಜರ್ ಗರಿಷ್ಠ ಮಿತಿಯನ್ನಷ್ಟೇ ಹೇಳುತ್ತದೆ.

ಕೇಬಲ್ ಸಿಕ್ಕಿಸುವವರೆಗೆ ಚಾರ್ಜರಿನ ತುದಿಯಲ್ಲಿ ವಿದ್ಯುತ್ತೇ ಇರುವುದಿಲ್ಲ. ಕೇಬಲ್ಲಿನೊಳಗೆ ಸಿಸಿ ಎಂಬ ತೆಳು ತಂತಿಯಿದೆ. ಫೋನಿನ ಕಡೆಯ ಪುಟ್ಟ ರೆಸಿಸ್ಟರ್ ಅದರಲ್ಲಿ ಕಂಡಾಗ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ಮಾತುಕತೆ ನಡೆಯುವುದು ಆಮೇಲೆ, ಅದೇ ತಂತಿಯ ಮೇಲೆ. 27 ವ್ಯಾಟಿನ ಚಾರ್ಜರ್ ‘5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 3 ಆಂಪಿಯರ್’ ಎಂದು ಪಟ್ಟಿ ಕಳಿಸಿತೆನ್ನಿ. ಫೋನು ‘9 ವೋಲ್ಟಿನಲ್ಲಿ 2 ಆಂಪಿಯರ್ ಸಾಕು’ ಎನ್ನುತ್ತದೆ. ಚಾರ್ಜರ್ ಒಪ್ಪಿ, ವೋಲ್ಟೇಜ್ ಏರಿಸಿ, ‘ಸಿದ್ಧ’ ಎಂದ ಮೇಲೆಯೇ ಫೋನು 18 ವ್ಯಾಟ್ ಎಳೆಯತೊಡಗುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಬ್ಯಾಟರಿ ಬಿಸಿಯಾದರೆ ಅಥವಾ ತುಂಬುತ್ತ ಬಂದರೆ ಫೋನು ತಾನೇ ಕರೆಂಟ್ ತಗ್ಗಿಸುತ್ತದೆ.

ನಡುವೆ ಪ್ಲಗ್ ಕಿತ್ತರೆ ಸಿಸಿ ಸಂಪರ್ಕ ಕಡಿಯುತ್ತದೆ. ಒಪ್ಪಂದ ರದ್ದಾಗಿ, ಚಾರ್ಜರ್ ತನ್ನ ಹೊರಹರಿವನ್ನು ನಿಲ್ಲಿಸುತ್ತದೆ. ಮತ್ತೆ ಸಿಕ್ಕಿಸಿದರೆ ಎಲ್ಲವೂ 5 ವೋಲ್ಟಿನಿಂದಲೇ ಶುರು. ಬ್ಯಾಟರಿಗೂ ನಷ್ಟವಿಲ್ಲ. ಅರ್ಧ ಚಾರ್ಜನ್ನು ‘ನೆನಪಿಟ್ಟುಕೊಳ್ಳುವ’ ದೋಷ ಹಳೆಯ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಗಳದು, ಲಿಥಿಯಂ-ಅಯಾನಿನದಲ್ಲ. ಶೇ. 60ಕ್ಕೆ ಕಿತ್ತರೂ ಚಿಂತೆಯಿಲ್ಲ. ಬ್ಯಾಟರಿಯನ್ನು ಹೆಚ್ಚು ಸವೆಸುವುದು ಬಿಸಿ, ಮತ್ತು ಸದಾ ಶೇ. 100ರಲ್ಲೇ ಇರಿಸುವುದು.